ಜುಲೈನಲ್ಲಿ ಕೆಲಸಗಾರರು ಖಾಲಿ, ಸೆಪ್ಟೆಂಬರ್‌ನಲ್ಲಿ ಪುರುಸೊತ್ತಿಲ್ಲ: ಈ ಗ್ರಿಲ್ ಆರ್ಡರ್‌ಗೆ ಕೂಲಿ ಎಷ್ಟು ಹಿಡಿಯಬೇಕು?

ಶೆಡ್ ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ನಾಲ್ಕು ಜನ ವೆಲ್ಡರ್‌ಗಳು, ಎಲ್ಲರಿಗೂ ತಿಂಗಳ ಸಂಬಳ, ತಲಾ ₹25,000. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂತ ಹಿಡಿದರೆ ಗಂಟೆಗೆ ಹೆಚ್ಚುಕಮ್ಮಿ ₹120 ಬೀಳುತ್ತದೆ.

ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಸಮುದಾಯ ಭವನ ಕಟ್ಟುತ್ತಿದ್ದಾರೆ. ಕಿಟಕಿ ಗ್ರಿಲ್, ಮೆಟ್ಟಿಲ ರೇಲಿಂಗ್, ಮುಂದಿನ ಗೇಟು ಎಲ್ಲಾ ಸೇರಿ ಒಂದೇ ಆರ್ಡರ್. ಪೈಪು, ಆಂಗಲ್, ರಾಡು, ಪೈಂಟು, ಕರೆಂಟು, ಗಾಡಿ ಬಾಡಿಗೆ ಎಲ್ಲಾ ಸೇರಿ ನಮಗೆ ₹1,00,000 ಖರ್ಚು ಬರುತ್ತದೆ. ಕೆಲಸ 200 ಗಂಟೆ. ಅವರು ಕೊಡುತ್ತೇವೆ ಅನ್ನೋದು ₹1,15,000. ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂತಿದ್ದಾರೆ.

ನಮ್ಮ ಆಡಿಟರ್ ಲೆಕ್ಕ ಹಾಕಿ ಕೊಟ್ಟರು. ಮಾಲು ಮತ್ತು ಇತರೆ ₹1,00,000, ಕೂಲಿ 200 ಗಂಟೆಗೆ ₹24,000, ಶೆಡ್ ಬಾಡಿಗೆ ಪಾಲು ₹8,000. ಒಟ್ಟು ₹1,32,000. "₹17,000 ಲಾಸ್, ಬಿಟ್ಟುಬಿಡಿ" ಅಂದರು. ನನ್ನ ತಮ್ಮ ಹೇಳೋದು ಬೇರೆ. "ಈಗ ಮಳೆ, ಹುಡುಗರು ಸುಮ್ನೆ ಕೂತಿದ್ದಾರೆ, ಸಂಬಳ ಹೇಗೂ ಕೊಡ್ತೀವಿ, ಕೂಲಿ ಸೊನ್ನೆ ಅಂತ ಹಿಡಿ" ಅಂತಾನೆ.

ಇನ್ನೊಂದು ತೊಡಕಿದೆ. ಭವನದ ಪ್ಲಾಸ್ಟರಿಂಗ್ ಮಳೆಯಿಂದ ತಡವಾಗುತ್ತಿದೆ. ಪ್ಲಾಸ್ಟರ್ ಆಗದೆ ಕಿಟಕಿ ಅಳತೆ ತಗೊಳ್ಳೋಕೆ ಆಗಲ್ಲ. ಹಾಗಾಗಿ ಈ ಕೆಲಸ ಸೆಪ್ಟೆಂಬರ್‌ಗೆ ಹೋದರೂ ಹೋಗಬಹುದು. ಆಗ ನಮಗೆ ಅಡಿಕೆ ಸುಲಿಯುವ ಯಂತ್ರದ ಸೀಸನ್. ಉಸಿರಾಡೋಕೂ ಪುರುಸೊತ್ತಿರಲ್ಲ. ಆಗಲೂ ಇದೇ ರೇಟಿಗೆ ಒಪ್ಪಿಕೊಳ್ಳಬಹುದಾ? ಲೆಕ್ಕ ಗೊತ್ತಿರುವವರು ದಯವಿಟ್ಟು ಹೇಳಿ.

ಗಾಜನೂರು ಬಿಕಾಂ

ಅಣ್ಣ, ನಿಮ್ಮ ತಮ್ಮ ಹೇಳಿದ್ದೇ ಸರಿ. ಸಂಬಳ ತಿಂಗಳಿಗೆ ಇಷ್ಟು ಅಂತ ನಿಗದಿ. ಆರ್ಡರ್ ತಗೊಂಡರೂ ₹1,00,000, ಬಿಟ್ಟರೂ ₹1,00,000. ಬದಲಾಗದೇ ಇರೋ ಖರ್ಚನ್ನ ಆರ್ಡರ್ ಮೇಲೆ ಹಾಕಬಾರದು. ಶೆಡ್ ಬಾಡಿಗೆಗೂ ಇದೇ ಮಾತು. ಮಾಲಿಗೆ ಲಕ್ಷ ಹೋದರೆ ಕೈಯಲ್ಲಿ ₹15,000 ಉಳಿಯುತ್ತದೆ. ಜುಲೈ ಆದರೇನು, ಸೆಪ್ಟೆಂಬರ್ ಆದರೇನು, ಸಂಬಳ ಅಷ್ಟೇ ತಾನೇ? ಎರಡೂ ತಿಂಗಳಲ್ಲಿ ಕೂಲಿ ಸೊನ್ನೆ. ಕಣ್ಣು ಮುಚ್ಚಿ ತಗೊಳ್ಳಿ.

ಆಗುಂಬೆ ಮಳೆ

ಮಳೆಗಾಲದಲ್ಲಿ ಕೆಲಸ ಇಲ್ಲ ಅಂತ ಕೂಲಿ ಸೊನ್ನೆ ಮಾಡೋದು ಯಾವ ನ್ಯಾಯ? ಮೂರು ತಿಂಗಳು ಬಿಡದೆ ಸುರಿಯುವ ಊರು ನಮ್ಮದು. ಆಗ ಕೆಲಸಗಾರರ ಮನೆ ನಡೆಯೋದು ಹೇಗೆ? ಖಾಲಿ ಕೂತ ದಿನಕ್ಕೂ ಸಂಬಳ ಕೊಡಲೇಬೇಕು. ಆಮೇಲೆ ಕೊಯ್ಲಿನ ಟೈಮಲ್ಲಿ ಜನ ಸಿಗಲ್ಲ ಅಂತ ಅಳಬೇಡಿ.

ಶೆಡ್ ಶಿವಮೊಗ್ಗ

ಇಲ್ಲ ಸರ್, ಹಾಗಲ್ಲ. ಸಂಬಳ ಪೂರ್ತಿ ಕೊಡ್ತೀವಿ, ಮಳೆ ಬಂದರೂ ಬಿಸಿಲು ಬಂದರೂ. ಒಬ್ಬರಂತೂ ನಮ್ಮ ತಂದೆ ಕಾಲದಿಂದ ಇದ್ದಾರೆ. ನಾನು ಕೇಳುತ್ತಿರೋದು ಈ ಆರ್ಡರ್‌ಗೆ ರೇಟು ಹೇಳುವಾಗ ಕೂಲಿ ಅಂತ ಎಷ್ಟು ಸೇರಿಸಬೇಕು ಅನ್ನೋದಷ್ಟೇ.

ಆಗುಂಬೆ ಮಳೆ

ಹಾಗಾದರೆ ಸರಿ. ಆದರೆ ಒಂದು ಮಾತು. ನಿಮ್ಮ ಹಾಗೆ ಎಲ್ಲರೂ ಕೊಡಲ್ಲ. ದಿನಗೂಲಿಯವರನ್ನ "ಇವತ್ತು ಮಳೆ, ನಾಳೆ ಬಾ" ಅಂತ ವಾಪಸ್ ಕಳಿಸೋ ಶೆಡ್‌ಗಳೇ ಜಾಸ್ತಿ. ಅವರಿಗೂ ಈ ಸೊನ್ನೆ ಲೆಕ್ಕ ಅನ್ವಯ ಆಗುತ್ತದಾ?

ಭದ್ರಾವತಿ ನಿವೃತ್ತ

ಆಗುಂಬೆಯವರ ಕೊನೆಯ ಪ್ರಶ್ನೆ ಚೆನ್ನಾಗಿದೆ, ಅದರಿಂದಲೇ ಶುರು ಮಾಡುತ್ತೇನೆ. ಅನ್ವಯ ಆಗೋದಿಲ್ಲ. ಮನೆಗೆ ಕಳಿಸಿದರೆ ಆ ದಿನದ ಕೂಲಿ ಉಳಿಯುತ್ತದೆ. ಆರ್ಡರ್ ಬಂದರೆ ಕರೆಸಿ ಕೊಡಬೇಕು. ಆರ್ಡರ್‌ನಿಂದಲೇ ಹುಟ್ಟಿದ ಖರ್ಚು ಅದು. ದಿನಗೂಲಿ ಶೆಡ್‌ನಲ್ಲಿ ಕೆಲಸಗಾರ ಖಾಲಿ ಇದ್ದರೂ ಪೂರ್ತಿ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸೊನ್ನೆ ಬರೋದು ಕೆಲಸಗಾರ ಖಾಲಿ ಇದ್ದಾನೆ ಅನ್ನೋ ಕಾರಣಕ್ಕೆ ಮಾತ್ರ ಅಲ್ಲ. ಖಾಲಿ ಇದ್ದಾನೆ, ಜೊತೆಗೆ ಅವನ ಸಂಬಳ ಹೇಗೂ ಹೋಗುತ್ತದೆ. ಎರಡೂ ಸೇರಿದಾಗ ಮಾತ್ರ ಸೊನ್ನೆ.

ನಾನು ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಖರ್ಚಿನ ಲೆಕ್ಕ ಹಾಕುವ ವಿಭಾಗದಲ್ಲಿ ಕೆಲಸ ಮಾಡಿದವನು. ಅಲ್ಲಿ ಯಾವ ಆರ್ಡರ್ ಬಂದರೂ ನಾವು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಆರ್ಡರ್ ಬರದೇ ಇದ್ದಿದ್ದರೆ ಈ ಜನ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ಸಂಬಳದ ದರ ಎಷ್ಟು ಅನ್ನೋದು ಆಮೇಲಿನ ಮಾತು.

ಶೆಡ್‌ನವರೇ, ಎರಡು ವಿಷಯ ಹೇಳಿ. ಜುಲೈನಲ್ಲಿ ನಿಮ್ಮ ನಾಲ್ಕು ಜನಕ್ಕೆ ಎಷ್ಟು ಗಂಟೆ ಕೆಲಸ ಇದೆ? ಸೆಪ್ಟೆಂಬರ್‌ನಲ್ಲಿ ಗ್ರಿಲ್ ಮಾಡಲು 200 ಗಂಟೆ ತೆಗೆದರೆ ಯಾವ ಕೆಲಸ ನಿಲ್ಲುತ್ತದೆ?

ಶೆಡ್ ಶಿವಮೊಗ್ಗ

ಸರ್, ಜುಲೈನಲ್ಲಿ ರಿಪೇರಿ, ಚಿಕ್ಕಪುಟ್ಟ ಕೆಲಸ ಎಲ್ಲಾ ಸೇರಿ 500 ಗಂಟೆ. ಒಟ್ಟು 832 ಗಂಟೆ ಇದೆ. ಅಂದರೆ 330 ಗಂಟೆ ಖಾಲಿ.

ಸೆಪ್ಟೆಂಬರ್‌ನಲ್ಲಿ ಪೂರ್ತಿ ಹಸಿ ಅಡಿಕೆ ಸುಲಿಯುವ ಯಂತ್ರ. ಒಂದು ಯಂತ್ರ ₹38,000ಕ್ಕೆ ಕೊಡ್ತೀವಿ. ಮೋಟರ್, ಬೇರಿಂಗ್, ಬ್ಲೇಡು, ಶೀಟು ಎಲ್ಲಾ ಸೇರಿ ₹26,000. ನಮ್ಮ ಕೆಲಸ ಒಂದಕ್ಕೆ 40 ಗಂಟೆ. ಕಳೆದ ವರ್ಷ ಕೊಪ್ಪ ಕಡೆಯಿಂದ ಬಂದವರಿಗೆಲ್ಲ ಇಲ್ಲ ಅಂತ ಹೇಳಿ ಕಳಿಸಬೇಕಾಯಿತು. ಕೊಯ್ಲು ಶುರುವಾಗೋ ಮೊದಲು ಕೈಗೆ ಸಿಗದಿದ್ದರೆ ಅವರು ಬೇರೆ ಕಡೆ ಕೊಳ್ಳುತ್ತಾರೆ, ಮುಂದಿನ ತಿಂಗಳವರೆಗೆ ಕಾಯಲ್ಲ.

ಭದ್ರಾವತಿ ನಿವೃತ್ತ

ನೀವು ಕೊನೆಗೆ ಹೇಳಿದ ಮಾತೇ ಮುಖ್ಯ. ಗಿರಾಕಿ ಕಾಯುತ್ತಾನೆ ಅಂದರೆ ಯಂತ್ರದ ಕೆಲಸ ಸ್ವಲ್ಪ ಮುಂದೆ ಹೋಗುತ್ತದೆ ಅಷ್ಟೇ, ನಷ್ಟ ಕಡಿಮೆ. ನಿಮ್ಮ ಗಿರಾಕಿ ಕಾಯಲ್ಲ. ಹಾಗಾಗಿ ನಿಂತ ಯಂತ್ರ ಹೋಯಿತು ಅಂತಲೇ ಲೆಕ್ಕ.

ಒಂದು ಯಂತ್ರಕ್ಕೆ ₹38,000 ಬರುತ್ತದೆ, ₹26,000 ಹೊರಗೆ ಹೋಗುತ್ತದೆ. ಉಳಿಯೋದು ₹12,000. ಅದಕ್ಕೆ 40 ಗಂಟೆ. ಅಂದರೆ ಸೆಪ್ಟೆಂಬರ್‌ನಲ್ಲಿ ನಿಮ್ಮ ವೆಲ್ಡರ್‌ನ ಒಂದು ಗಂಟೆ ಶೆಡ್‌ಗೆ ₹300 ತರುತ್ತಿದೆ. ಗ್ರಿಲ್‌ಗೆ 200 ಗಂಟೆ ಕೊಟ್ಟರೆ ಐದು ಯಂತ್ರ ಹೋಗುತ್ತದೆ, ₹60,000 ಹೋಗುತ್ತದೆ. ಆ ತಿಂಗಳಲ್ಲಿ ಈ ಆರ್ಡರ್‌ನ ಕೂಲಿ ಅಂದರೆ ₹60,000. ₹24,000 ಅಲ್ಲ, ಸೊನ್ನೆಯೂ ಅಲ್ಲ.

ಜುಲೈನಲ್ಲಿ ಮಾಡಿದರೆ ₹1,00,000ದ ಮೇಲೆ ಎಷ್ಟು ಸಿಕ್ಕರೂ ಲಾಭ. ₹1,15,000 ಸಾಕು. ಸೆಪ್ಟೆಂಬರ್‌ನಲ್ಲಿ ₹1,60,000ಕ್ಕಿಂತ ಕಡಿಮೆಗೆ ಒಪ್ಪಿದರೆ ಕೈಯಿಂದ ಹೋಗುತ್ತದೆ. ಅದೇ ಗ್ರಿಲ್, ಅದೇ ಜನ, ಅದೇ ಸಂಬಳ.

ಗಾಜನೂರು ಬಿಕಾಂ

ಸರ್, ಸೆಪ್ಟೆಂಬರ್ ವಿಷಯ ಒಪ್ಪಿದೆ, ಯಂತ್ರ ತಪ್ಪಿಹೋಗೋದನ್ನ ನಾನು ಯೋಚನೆ ಮಾಡಿರಲಿಲ್ಲ. ಆದರೆ ₹300 ಹೇಗೆ? ಯಂತ್ರದ ಲಾಭ ₹12,000 ಅಲ್ಲವಲ್ಲ. ಅದರಲ್ಲಿ 40 ಗಂಟೆಯ ಸಂಬಳ ₹4,800 ಕಳೆಯಬೇಕು. ನಿಜವಾದ ಲಾಭ ₹7,200. ಗಂಟೆಗೆ ₹180. ಹಾಗಾಗಿ 200 ಗಂಟೆಗೆ ₹36,000. ರೇಟು ₹1,36,000 ಸಾಕು ಅನಿಸುತ್ತದೆ.

ಸಾಗರ ಫ್ಯಾಬ್ರಿಕೇಶನ್

ನನಗೆ ತಿಳಿದ ಮಟ್ಟಿಗೆ ಅದಕ್ಕೆ ಉಲ್ಟಾ. ₹300 ನಷ್ಟ, ಅದರ ಮೇಲೆ ಗ್ರಿಲ್ ಮಾಡಿದವರಿಗೆ ₹120 ಸಂಬಳವೂ ಕೊಡಬೇಕಲ್ಲ. ₹420 ಆಗಬೇಕು ಅಲ್ವಾ?

ಭದ್ರಾವತಿ ನಿವೃತ್ತ

ಇಬ್ಬರೂ ಸಂಬಳದ ಹತ್ತಿರವೇ ಎಡವುತ್ತಿದ್ದೀರಿ. ವಾದ ಬೇಡ, ಸೆಪ್ಟೆಂಬರ್ ಪೂರ್ತಿ ತಿಂಗಳ ಲೆಕ್ಕ ಹಾಕಿ ನೋಡೋಣ. ಸಂಶಯ ಬಂದಾಗಲೆಲ್ಲ ನಾನು ಮಾಡೋದು ಇದನ್ನೇ.

ಗ್ರಿಲ್ ಇಲ್ಲದೆ ಸುಮಾರು 20 ಯಂತ್ರ ಆಗುತ್ತದೆ. 20 × 12,000 = ₹2,40,000. ನಾಲ್ಕು ಜನರ ಸಂಬಳ ₹1,00,000 ಕಳೆದರೆ ₹1,40,000. ಬಾಡಿಗೆ ಎರಡು ಕಡೆಯೂ ಒಂದೇ, ಬಿಟ್ಟುಬಿಡಿ.

ಈಗ ಗಾಜನೂರಿನವರ ₹1,36,000 ರೇಟಿಗೆ ಗ್ರಿಲ್ ತಗೊಳ್ಳಿ. ಯಂತ್ರ 15 ಆಗುತ್ತದೆ, ₹1,80,000. ಗ್ರಿಲ್‌ನಿಂದ ಮಾಲು ಕಳೆದು ₹36,000. ಒಟ್ಟು ₹2,16,000. ಸಂಬಳ ಅದೇ ₹1,00,000. ಉಳಿದಿದ್ದು ₹1,16,000. ಮೊದಲಿಗಿಂತ ₹24,000 ಕಡಿಮೆ. ಈ ₹24,000 ಎಲ್ಲಿಂದ ಬಂತು ನೋಡಿ. 200 ಗಂಟೆಯ ಸಂಬಳವೇ. ಯಂತ್ರ ನಿಂತರೂ ಅದರ ಸಂಬಳ ನಿಲ್ಲಲಿಲ್ಲ. ಹಾಗಾಗಿ ಯಂತ್ರ ತರುತ್ತಿದ್ದ ಹಣದಲ್ಲಿ ಸಂಬಳ ಕಳೆಯುವ ಹಾಗಿಲ್ಲ.

ಸಾಗರದವರ ಲೆಕ್ಕದಲ್ಲಿ ರೇಟು ₹1,84,000 ಆಗುತ್ತದೆ. ಆಗ ತಿಂಗಳ ಕೊನೆಗೆ ₹1,64,000 ಉಳಿಯುತ್ತದೆ, ಮೊದಲಿಗಿಂತ ₹24,000 ಜಾಸ್ತಿ. ಲಾಭ ಒಳ್ಳೆಯದೇ. ಆದರೆ ಅದೇ ಕನಿಷ್ಠ ಅಂದುಕೊಂಡು ₹1,70,000 ಕೊಡುತ್ತೇನೆ ಅಂದವನನ್ನ ವಾಪಸ್ ಕಳಿಸಿದರೆ ₹10,000 ಬಿಟ್ಟ ಹಾಗೆ. ₹300ರ ಒಳಗೇ ₹120 ಸಂಬಳ, ₹180 ಲಾಭ ಎರಡೂ ಇವೆ. ಮತ್ತೆ ಸೇರಿಸಿದರೆ ಸಂಬಳ ಎರಡು ಸಲ ಬಂತು.

₹1,60,000 ಹಾಕಿ ನೋಡಿ. 1,80,000 + 60,000 − 1,00,000 = ₹1,40,000. ಸರಿಯಾಗಿ ಮೊದಲಿನಷ್ಟೇ.

ಗಾಜನೂರು ಬಿಕಾಂ

ತಿಂಗಳ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು ಸರ್. ಥ್ಯಾಂಕ್ಸ್.

ಹೊಸನಗರ ಹಾಳೆತಟ್ಟೆ

ನಮ್ಮದು ಅಡಿಕೆ ಹಾಳೆ ತಟ್ಟೆ ಒತ್ತುವ ಚಿಕ್ಕ ಘಟಕ. ಊರಿನ ಹೆಂಗಸರು ಬಂದು ಒತ್ತುತ್ತಾರೆ. ತಿಂಗಳ ಸಂಬಳ ಇಲ್ಲ, ತಟ್ಟೆಗೆ ಒಂದು ರೂಪಾಯಿ. ಹಾಗಾದರೆ ನಮ್ಮಲ್ಲಿ ಸೊನ್ನೆ ಯಾವತ್ತೂ ಬರಲ್ಲ ಅಂತಾಯಿತು ಅಲ್ವಾ?

ನನ್ನ ತಲೆನೋವು ಬೇರೆ. ಅಡಿಕೆ ಸುಲಿಯುವ ಟೈಮಲ್ಲಿ ಅವರೆಲ್ಲ ಅಡಿಕೆ ಮನೆಗಳಿಗೆ ಹೋಗುತ್ತಾರೆ. ಅಲ್ಲಿ ಜಾಸ್ತಿ ಸಿಗುತ್ತದೆ. ಈಗ ದೀಪಾವಳಿ ಹೊತ್ತಿಗೆ 10,000 ತಟ್ಟೆ ಬೇಕು ಅಂತ ಬೆಂಗಳೂರಿನಿಂದ ಕೇಳಿದ್ದಾರೆ. ಒಂದೂವರೆ ರೂಪಾಯಿ ಕೊಟ್ಟರೆ ನಾಲ್ಕೈದು ಜನ ಬರುತ್ತಾರೆ. ಹಾಗಾಗಿ ತಟ್ಟೆಗೆ ಕೂಲಿ ಒಂದೂವರೆ ಅಂತ ಹಿಡಿದಿದ್ದೇನೆ. ಸರಿನಾ?

ಭದ್ರಾವತಿ ನಿವೃತ್ತ

ಅಕ್ಕ, ಆ ತಿಂಗಳು ನಿಮ್ಮ ಮಾಮೂಲಿ ತಟ್ಟೆ ಎಷ್ಟು? ಅದನ್ನು ಒತ್ತುವವರಿಗೆ ಒಂದೇ ರೂಪಾಯಿ ಕೊಡ್ತೀರಾ?

ಹೊಸನಗರ ಹಾಳೆತಟ್ಟೆ

30,000 ತಟ್ಟೆ. ಪಕ್ಕದ ಮೆಷಿನ್‌ನಲ್ಲಿ ಕೂತವಳಿಗೆ ಒಂದೂವರೆ, ಇವಳಿಗೆ ಒಂದು ಅಂತ ಕೊಡೋಕೆ ಆಗಲ್ಲ ಸರ್. ಎಲ್ಲಾ ಒಂದೇ ಊರಿನವರು. ಎಲ್ಲರಿಗೂ ಒಂದೂವರೆ ಕೊಡಬೇಕಾಗುತ್ತದೆ.

ಭದ್ರಾವತಿ ನಿವೃತ್ತ

ಹಾಗಾದರೆ ಹೊಸ ಆರ್ಡರ್‌ಗೆ 10,000 × 1.50 = ₹15,000. ಅದಲ್ಲದೆ ಮಾಮೂಲಿ 30,000 ತಟ್ಟೆಗೂ ಐವತ್ತು ಪೈಸೆ ಜಾಸ್ತಿ, ಅದೊಂದು ₹15,000. ಈ ಆರ್ಡರ್ ಇಲ್ಲದಿದ್ದರೆ ಆ ಐವತ್ತು ಪೈಸೆ ಏರುತ್ತಿರಲಿಲ್ಲ. ಹಾಗಾಗಿ ಎರಡೂ ಇದರ ಖಾತೆಗೇ. ಒಟ್ಟು ₹30,000, ಅಂದರೆ ತಟ್ಟೆಗೆ ಮೂರು ರೂಪಾಯಿ ಕೂಲಿ. ಒಂದೂವರೆ ಹಿಡಿದು ರೇಟು ಹೇಳಬೇಡಿ.

ಹೊಸನಗರ ಹಾಳೆತಟ್ಟೆ

ಅಯ್ಯೋ, ಮೂರು ರೂಪಾಯಿ ಅಂದರೆ ಅವರು ಹೇಳಿದ ರೇಟಿಗೆ ಆಗೋದೇ ಇಲ್ಲ. ಒತ್ತುವ ಪ್ರತಿ ತಟ್ಟೆಗೆ ರೇಟು ಏರಿಸೋ ಬದಲು ಹಬ್ಬದ ಬೋನಸ್ ಅಂತ ಬರುವ ನಾಲ್ಕೈದು ಜನಕ್ಕೆ ಬೇರೆ ಕೊಟ್ಟರೆ?

ಆಗುಂಬೆ ಮಳೆ

ಊರಿನಲ್ಲಿ ಗುಟ್ಟು ಉಳಿಯಲ್ಲ ಅಕ್ಕ. ಕೊಟ್ಟರೆ ಎಲ್ಲರಿಗೂ ಕೊಡಿ. ಒತ್ತುವ ಕೈಗೆ ಬಿಸಿ ಎಲ್ಲರಿಗೂ ಒಂದೇ.

ಹೊಸನಗರ ಹಾಳೆತಟ್ಟೆ

ಅದೂ ನಿಜ. ಬೇಸಿಗೆಯಲ್ಲೇ ಒತ್ತಿಟ್ಟರೆ ಆಗಬಹುದು, ಹಾಳೆಯೂ ಆಗಲೇ ಸಿಗೋದು. ಆದರೆ ಮಳೆಗಾಲ ಪೂರ್ತಿ ಬೂಷ್ಟು ಹಿಡಿಯದ ಹಾಗೆ ಇಡೋ ಜಾಗ ಇಲ್ಲ. ಯೋಚನೆ ಮಾಡ್ತೀನಿ.

ಸಾಗರ ಫ್ಯಾಬ್ರಿಕೇಶನ್

ಶೆಡ್‌ನವರಿಗೆ ಒಂದು ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಯಂತ್ರ ಯಾಕೆ ನಿಲ್ಲಿಸಬೇಕು? ಓಟಿ ಮಾಡಿಸಿ. ಕಾನೂನಿನಂತೆ ದುಪ್ಪಟ್ಟು ಕೊಟ್ಟರೂ ಗಂಟೆಗೆ ₹240. ನಾಲ್ಕು ಜನ ದಿನಕ್ಕೆ ಎರಡೆರಡು ಗಂಟೆ ಕೂತರೆ 25 ದಿನಕ್ಕೆ 200 ಗಂಟೆ. ₹48,000ದಲ್ಲಿ ಮುಗಿಯಿತು. ₹60,000ಕ್ಕಿಂತ ಕಡಿಮೆ ತಾನೇ? ಇಲ್ಲಾ ಹೊರಗಿನಿಂದ ಒಬ್ಬ ವೆಲ್ಡರ್‌ನ್ನ ತನ್ನಿ. ನಮ್ಮ ಕಡೆ ದಿನಕ್ಕೆ ₹1,100. 25 ದಿನಕ್ಕೆ ₹27,500.

ಭದ್ರಾವತಿ ನಿವೃತ್ತ

ಇದು ಒಳ್ಳೆಯ ಮಾತು. ದಾರಿ ಮೂರಿದ್ದರೆ ಮೂರರಲ್ಲಿ ಅಗ್ಗದ್ದೇ ಈ ಆರ್ಡರ್‌ನ ಕೂಲಿ. ಹೊರಗಿನವರು ನಿಜವಾಗಿ ಸಿಕ್ಕರೆ ₹27,500, ಆಗ ಕನಿಷ್ಠ ರೇಟು ₹1,27,500. ಸಿಗದಿದ್ದರೆ ಓಟಿ. ಅದೂ ಆಗದಿದ್ದರೆ ಯಂತ್ರ ನಿಲ್ಲಿಸಿದ ₹60,000.

ಆದರೆ ಓಟಿ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಓಟಿ ಗಂಟೆಗೆ ₹240 ಕೊಟ್ಟು ಯಂತ್ರ ಮಾಡಿದರೆ ₹300 ಬರುತ್ತದೆ. ಅಂದರೆ ಓಟಿಯಲ್ಲೂ ಯಂತ್ರ ಮಾಡೋದು ಲಾಭವೇ. ವಾಪಸ್ ಹೋಗುವ ಗಿರಾಕಿ ಇರುವಾಗ ಶೆಡ್‌ನವರು ಆ ಎರಡು ಗಂಟೆಯನ್ನು ಯಂತ್ರಕ್ಕೇ ಹಾಕುತ್ತಿರಬೇಕು. ಹಾಕುತ್ತಿದ್ದರೆ ಓಟಿಯೂ ಭರ್ತಿ. ಆಗ ಗ್ರಿಲ್‌ಗೆ ಕೊಟ್ಟ ಓಟಿ ಗಂಟೆಯೂ ಯಂತ್ರದಿಂದ ಕಿತ್ತುಕೊಂಡ ಗಂಟೆಯೇ. ಲೆಕ್ಕ ಮತ್ತೆ ₹300ಕ್ಕೇ ಬರುತ್ತದೆ.

ಶೆಡ್ ಶಿವಮೊಗ್ಗ

ಸರ್ ಹೇಳಿದ ಹಾಗೆಯೇ. ಸೆಪ್ಟೆಂಬರ್‌ನಲ್ಲಿ ಯಂತ್ರಕ್ಕೇ ದಿನಾ ಎರಡು ಗಂಟೆ ಓಟಿ ಮಾಡ್ತಾರೆ. ತಿಂಗಳಿಗೆ 20 ಯಂತ್ರದ ಮೇಲೆ ಇನ್ನೂ ನಾಲ್ಕೈದು ಹೊರಗೆ ಬರೋದು ಅದರಿಂದಲೇ. ಅದಕ್ಕಿಂತ ಜಾಸ್ತಿ ಆಗಲ್ಲ. ಹತ್ತು ಗಂಟೆ ಆದಮೇಲೆ ಕೈ ಸೋಲುತ್ತದೆ. ಬೆಸುಗೆಯಲ್ಲಿ ತೂತು ಬೀಳುತ್ತದೆ, ಪೈಂಟ್ ಹೊಡೆದರೆ ಕಾಣಲ್ಲ, ಆದರೆ ರೇಲಿಂಗ್‌ಗೆ ಒರಗಿದಾಗ ಬಿಟ್ಟರೆ ಏನು ಗತಿ? ಮೆಟ್ಟಿಲಿನ ಕೆಲಸವನ್ನ ಸುಸ್ತಾದ ಕೈಯಲ್ಲಿ ಮಾಡಿಸೋಕೆ ನನಗೆ ಮನಸ್ಸಿಲ್ಲ.

ಹೊರಗಿನ ವೆಲ್ಡರ್ ಆ ತಿಂಗಳು ಸಿಗೋದು ಕಷ್ಟ. ಎಲ್ಲಾ ಶೆಡ್‌ನಲ್ಲೂ ಅದೇ ಸೀಸನ್. ಸಿಕ್ಕರೂ ಮೊದಲ ವಾರ ನಮ್ಮವರೊಬ್ಬರು ಪಕ್ಕದಲ್ಲಿ ನಿಂತು ತೋರಿಸಬೇಕು.

ಸಾಗರ ಫ್ಯಾಬ್ರಿಕೇಶನ್

ಪಕ್ಕದಲ್ಲಿ ನಿಂತ ನಿಮ್ಮವರ ಗಂಟೆಯೂ ₹300 ಲೆಕ್ಕವೇ ಹಾಗಾದರೆ. ನಾನು ₹27,500 ಅಂದಿದ್ದರಲ್ಲಿ ಅದು ಸೇರಿಲ್ಲ.

ಶಿಕಾರಿಪುರ ವರ್ಕ್‌ಶಾಪ್

ಎಲ್ಲರೂ ಸೆಪ್ಟೆಂಬರ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಜುಲೈ ಸೊನ್ನೆಯ ಮೇಲೇ ಅನುಮಾನ. ಖಾಲಿ ಇರುವ ಹುಡುಗರ ಕೈಯಲ್ಲಿ ಯಂತ್ರದ ಫ್ರೇಮ್ ಮಾಡಿಸಿಡಬಹುದಲ್ಲ? ನಾವು ಮಳೆಗಾಲದಲ್ಲಿ ಟ್ರೇಲರ್ ಚಾಸಿ ಕಟ್ಟಿ ಇಡುತ್ತೇವೆ. ಈಗ ಕಟ್ಟಿದ ಫ್ರೇಮ್ ಸೆಪ್ಟೆಂಬರ್‌ನಲ್ಲಿ ಅಷ್ಟು ಗಂಟೆ ಉಳಿಸುತ್ತದೆ. ಆ ಗಂಟೆಗೆ ₹300 ಬೆಲೆ ಅಂತ ನೀವೇ ಹೇಳಿದ್ದೀರಿ. ಹಾಗಿದ್ದರೆ ಜುಲೈ ಗಂಟೆಯೂ ಸೊನ್ನೆ ಅಲ್ಲ.

ಭದ್ರಾವತಿ ನಿವೃತ್ತ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಸುಮ್ಮನೆ ಕೂತಿದ್ದಾರೆ ಅನ್ನೋದನ್ನ ಯಾವತ್ತೂ ಮೇಲಿಂದ ನೋಡಿ ಒಪ್ಪಬಾರದು. ಕೆಲಸ ಮಾಡಿ ಕೂಡಿಡುವ ಹಾಗಿದ್ದರೆ ಖಾಲಿ ತಿಂಗಳ ಗಂಟೆಗೂ ಸೀಸನ್ ತಿಂಗಳ ಬೆಲೆ ಬರುತ್ತದೆ. ಶೆಡ್‌ನವರೇ, ಒಂದು ಫ್ರೇಮ್‌ಗೆ ಎಷ್ಟು ಗಂಟೆ? ಎಷ್ಟು ಕಟ್ಟಿಡಬಹುದು?

ಶೆಡ್ ಶಿವಮೊಗ್ಗ

40 ಗಂಟೆಯಲ್ಲಿ ಫ್ರೇಮ್‌ಗೆ 15. ಈಗ ಆರು ಫ್ರೇಮ್‌ಗೆ ಆಗುವಷ್ಟು ಪೈಪಿಗೆ ಮಾತ್ರ ದುಡ್ಡಿದೆ. ಜಾಗವೂ ಅಷ್ಟೇ. ರೆಡ್ ಆಕ್ಸೈಡ್ ಹೊಡೆದು ಒಳಗೆ ಇಡದಿದ್ದರೆ ಈ ಮಳೆಗೆ ಎರಡೇ ವಾರದಲ್ಲಿ ತುಕ್ಕು ಏಳುತ್ತದೆ.

ಭದ್ರಾವತಿ ನಿವೃತ್ತ

ಆರು ಫ್ರೇಮ್‌ಗೆ 90 ಗಂಟೆ. ಗ್ರಿಲ್‌ಗೆ 200. ಒಟ್ಟು 290. ಖಾಲಿ ಇರೋದು 330. ಎರಡೂ ಹಿಡಿಸುತ್ತವೆ. ಹಾಗಾಗಿ ಗ್ರಿಲ್‌ನಿಂದ ಫ್ರೇಮ್ ನಿಲ್ಲಲ್ಲ, ಜುಲೈ ಕೂಲಿ ಸೊನ್ನೆಯೇ. ಖಾಲಿ ಗಂಟೆ 230 ಇದ್ದಿದ್ದರೆ 60 ಗಂಟೆ ಒಂದರ ಮೇಲೊಂದು ಬೀಳುತ್ತಿತ್ತು. ಆಗ 140 ಗಂಟೆಗೆ ಸೊನ್ನೆ, 60 ಗಂಟೆಗೆ ₹300 ಹಿಡಿಯಬೇಕಿತ್ತು.

ಆದರೆ ನಿಮ್ಮ ಮಾತಲ್ಲಿ ಇನ್ನೊಂದು ಕಾಣುತ್ತಿದೆ. ಜುಲೈನಲ್ಲಿ ನಿಮಗೆ ಜನ ಸಾಲದು ಅನ್ನೋ ಕಷ್ಟ ಇಲ್ಲ, ಕೈಯಲ್ಲಿ ದುಡ್ಡು ಸಾಲದು. ಗ್ರಿಲ್‌ಗೆ ಲಕ್ಷ ರೂಪಾಯಿ ಮಾಲು ನೀವೇ ಹಾಕಿದರೆ ಫ್ರೇಮ್‌ನ ಪೈಪಿಗೆ ಇಟ್ಟ ದುಡ್ಡು ಅಲ್ಲಿಗೇ ಹೋಗುತ್ತದೆ. ಆಗ ಗಂಟೆ ಇದ್ದರೂ ಫ್ರೇಮ್ ಆಗಲ್ಲ. ಮಾಲಿನಷ್ಟಾದರೂ ಅಡ್ವಾನ್ಸ್ ಕೇಳಿ. ₹1,15,000ಕ್ಕೆ ಒಪ್ಪುವ ಮೊದಲು ಆ ಶರತ್ತು ಹಾಕಿ.

ದುರ್ಗಿಗುಡಿ ಅಕೌಂಟ್ಸ್

ನಾನು ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವವಳು. ಭದ್ರಾವತಿ ಸರ್ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನನಗೆ ಭಯ ಇರೋದು ಆಮೇಲಿನದ್ದು. ಸಮುದಾಯ ಭವನ ಅಂದರೆ ಸಮಿತಿಯಲ್ಲಿ ಹತ್ತಾರು ಜನ. "ಈ ಶೆಡ್‌ನವರು ₹1,15,000ಕ್ಕೆ ಮಾಡಿಕೊಟ್ಟರು" ಅಂತ ಊರೆಲ್ಲ ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಬರುವವನೂ ಅದೇ ರೇಟು ಕೇಳುತ್ತಾನೆ. ಎಲ್ಲಾ ಆರ್ಡರ್‌ನಲ್ಲೂ ಕೂಲಿ ಸೊನ್ನೆ ಅಂತ ಹಿಡಿದರೆ ನಾಲ್ಕು ಜನರ ₹1,00,000 ಸಂಬಳ ಎಲ್ಲಿಂದ ಬರಬೇಕು? ಆಡಿಟರ್ ₹24,000 ಹಾಕಿದ್ದು ಸುಮ್ನೆ ಅಲ್ಲ. ವರ್ಷಪೂರ್ತಿ ನೋಡಿದರೆ ಆ ಸಂಬಳ ಯಾವುದಾದರೂ ಆರ್ಡರ್‌ನಿಂದ ಬರಲೇಬೇಕು.

ಭದ್ರಾವತಿ ನಿವೃತ್ತ

ಒಪ್ಪುತ್ತೇನೆ ಮೇಡಂ. ವರ್ಷದ ರೇಟು ಪಟ್ಟಿ ಮಾಡುವಾಗ ಆಡಿಟರ್ ಲೆಕ್ಕವೇ ಬೇಕು. ನಾನು ಹೇಳುತ್ತಿರೋದು ಈ ಒಂದು ಆರ್ಡರ್ ತಗೊಳ್ಳೋದಾ ಬಿಡೋದಾ ಅನ್ನೋ ಪ್ರಶ್ನೆಗೆ. ಬಿಟ್ಟರೆ ಜುಲೈನಲ್ಲಿ ಆ ₹15,000ವೂ ಬರಲ್ಲ, ಸಂಬಳ ಮಾತ್ರ ಹೋಗುತ್ತದೆ. ಇನ್ನೊಂದು ಮಿತಿಯೂ ಇದೆ. ಹುಡುಗರು ಒಂದು ತಿಂಗಳು ಖಾಲಿ ಇದ್ದರೆ ಸಂಬಳ ತಪ್ಪಿಸಲಾಗದ ಖರ್ಚು. ವರ್ಷಕ್ಕೆ ಆರು ತಿಂಗಳು ಖಾಲಿ ಇದ್ದರೆ ನಾಲ್ಕನೆಯವರು ಬೇಕಾ ಅನ್ನೋದೇ ಪ್ರಶ್ನೆಯಾಗುತ್ತದೆ, ಆಗ ಸೊನ್ನೆ ಅನ್ನೋಕೆ ಬರಲ್ಲ.

ದುರ್ಗಿಗುಡಿ ಅಕೌಂಟ್ಸ್

ಬಿಲ್‌ನಲ್ಲಾದರೂ ಪೂರ್ತಿ ರೇಟು ಬರೆದು "ಮಳೆಗಾಲದ ರಿಯಾಯಿತಿ" ಅಂತ ಕಳೆದು ತೋರಿಸಿ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಇಳಿಸಿದ ರೇಟು ಮತ್ತೆ ಏರಿಸಿದ ಶೆಡ್ ನಾನು ಕಂಡಿಲ್ಲ.

ಶಿಕಾರಿಪುರ ವರ್ಕ್‌ಶಾಪ್

ಅದು ಗಿರಾಕಿ ಮೇಲೆ ಹೋಗುತ್ತದೆ ಮೇಡಂ. ಭವನ ಒಂದೇ ಸಲ ಕಟ್ಟೋದು. ಅಡಿಕೆ ಯಂತ್ರದ ರೇಟು ಇಳಿಸಿದ್ದರೆ ನಾನೂ ಬೇಡ ಅಂತಿದ್ದೆ.

ಶೆಡ್ ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಇವತ್ತು ಭವನದ ಹತ್ತಿರ ಹೋಗಿ ನೋಡಿಬಂದೆ. ಮೆಟ್ಟಿಲು ಮುಗಿದಿದೆ, ಗೇಟಿನ ಕಂಬವೂ ನಿಂತಿದೆ. ಕಿಟಕಿಗಳಿಗೆ ಮಾತ್ರ ಪ್ಲಾಸ್ಟರ್ ಆಗಿಲ್ಲ. ಗೋಡೆ ಒದ್ದೆ ಇದೆ, ಮೇಸ್ತ್ರಿ ಸೆಪ್ಟೆಂಬರ್ ಅಂತಾರೆ. ಹಾಗಾಗಿ ರೇಲಿಂಗ್ ಮತ್ತು ಗೇಟು ಈಗ ಆಗುತ್ತದೆ, 110 ಗಂಟೆ, ಮಾಲು ₹60,000. ಕಿಟಕಿ ಗ್ರಿಲ್ 90 ಗಂಟೆ, ಮಾಲು ₹40,000.

ನಾನೇ ಲೆಕ್ಕ ಹಾಕಿದೆ, ಸರಿ ಇದೆಯಾ ನೋಡಿ. ಈಗಿನ ಭಾಗಕ್ಕೆ ₹60,000, ಕೂಲಿ ಸೊನ್ನೆ. ಕಿಟಕಿಗೆ ₹40,000, ಜೊತೆಗೆ 90 × 300 = ₹27,000. ಒಟ್ಟು ₹1,27,000. ಅವರ ₹1,15,000ಕ್ಕೆ ಒಪ್ಪಿದರೆ ₹12,000 ಕೈಯಿಂದ.

ಭದ್ರಾವತಿ ನಿವೃತ್ತ

ಲೆಕ್ಕ ಸರಿಯಾಗಿದೆ. ಎರಡು ಭಾಗಕ್ಕೆ ಎರಡು ರೇಟು ಬರೆದು ಕೊಡಿ. ಕಿಟಕಿ ಅಳತೆ ಸೆಪ್ಟೆಂಬರ್‌ಗಿಂತ ಮೊದಲು ಕೊಟ್ಟರೆ ಇಷ್ಟು, ಆಮೇಲೆ ಕೊಟ್ಟರೆ ಇಷ್ಟು ಅಂತ. ಆಗ ತಡಮಾಡಿದ್ದರ ಭಾರ ಯಾರ ಮೇಲೆ ಅನ್ನೋದು ಅವರಿಗೂ ಗೊತ್ತಾಗುತ್ತದೆ.

ಗಾಜನೂರು ಬಿಕಾಂ

ಅಣ್ಣ, ಆಗಸ್ಟ್‌ನಲ್ಲಿ ಅಳತೆ ಸಿಕ್ಕರೆ? ಆಗ ಎಷ್ಟು ಗಂಟೆ ಖಾಲಿ ಇರುತ್ತದೆ?

ಶೆಡ್ ಶಿವಮೊಗ್ಗ

ಅದೇ ಗೊತ್ತಿಲ್ಲ ತಮ್ಮಾ. ಮೊದಲ ಹದಿನೈದು ದಿನ ಖಾಲಿ ಇರುತ್ತೀವಿ. ಗೌರಿ ಗಣೇಶ ಹಬ್ಬ ಹತ್ತಿರ ಬಂದ ಹಾಗೆ ಯಂತ್ರದ ಅಡ್ವಾನ್ಸ್ ಬರೋಕೆ ಶುರುವಾಗುತ್ತದೆ. ಈ ವರ್ಷ ಹಬ್ಬ ಯಾವಾಗ, ಮಳೆ ಯಾವಾಗ ಬಿಡುತ್ತದೆ ಅನ್ನೋದರ ಮೇಲೆ ನಿಂತಿದೆ. ಕಳೆದ ವರ್ಷದ ಆಗಸ್ಟ್ ಹಾಜರಿ ಪುಸ್ತಕ ತೆಗೆದು ನೋಡಿ ಇಲ್ಲಿ ಹಾಕುತ್ತೇನೆ. ಸೋಮವಾರ ಸಮಿತಿಯವರ ಹತ್ತಿರ ಹೋಗೋ ಮೊದಲು ಆ ತಿಂಗಳ ರೇಟೂ ಬೇಕು.